ಸೀಡ್ ಒಂದೇ ಕೊಟ್ಟರೆ ಗಿಡ ಬರಲ್ಲ

ಗೋಣಿಕೊಪ್ಪ ದಸರಾಗೆ ಇನ್ನು ಹನ್ನೆರಡು ದಿನ ಇತ್ತು. ನಮ್ಮ ಕ್ಲೈಂಟ್ ಅಕ್ಕ ಫೋನ್ ಮಾಡಿದರು. "ಏನ್ರಪ್ಪಾ, ಸ್ಟಾಲ್ ಹಾಕ್ತಿದ್ದೀವಿ. ಪ್ಯಾಕೆಟ್ ಮೇಲಿನ ಅದೇ ಚಿತ್ರ ಬೇಕು, ಬ್ಯಾನರಿಗೆ. ಸ್ವಲ್ಪ ಅಗಲಕ್ಕೆ ಮಾಡಿಕೊಡಿ, ಅಷ್ಟೇ."

ಅಷ್ಟೇ ಅಂದರು. ನಾವೂ ಅಷ್ಟೇ ಅಂದುಕೊಂಡೆವು. ಸೀಡ್ ನಂಬರ್ ಬರೆದಿಟ್ಟಿದ್ದೀವಲ್ಲ, ಅಗಲ ಬದಲಾಯಿಸಿ ಬಟನ್ ಒತ್ತಿದರೆ ಮುಗೀತು ಅಂತ. ಮೂರು ರಾತ್ರಿ ಕೂತರೂ ಆ ಚಿತ್ರ ವಾಪಸ್ ಬರಲಿಲ್ಲ. ಹಾಗಾಗಿ ಈ ಬರಹ. ಎಐನಲ್ಲಿ ಚಿತ್ರ ಮಾಡಿಕೊಟ್ಟು ಪಾಕೆಟ್ ಮನಿ ಸಂಪಾದಿಸುವವರು ಕ್ಯಾಂಪಸ್ಸಲ್ಲಿ ಈಗ ಕಡಿಮೆ ಇಲ್ಲ. ಚಿತ್ರದ ಜೊತೆ ಅದು ಹುಟ್ಟಿದ ಬಗೆಯನ್ನೂ ಬರೆದುಕೊಡದಿದ್ದರೆ ಆ ಕೆಲಸ ಅರ್ಧ ಮಾತ್ರ ಆದಂತೆ ಅನ್ನೋದು ನಮ್ಮ ವಾದ. ಯಾಕೆ, ಹೇಗೆ ಅಂತ ನಮ್ಮದೇ ತಪ್ಪನ್ನು ಮುಂದಿಟ್ಟು ಹೇಳ್ತೀವಿ.

ಮೊದಲು ಕೆಲಸ ಏನಿತ್ತು ಅಂತ. ಪೊನ್ನಂಪೇಟೆ ಕಡೆಯ ಒಂದು ಕುಟುಂಬದ ಕಾಫಿ ತೋಟ. ಸ್ವಂತ ಬ್ರ್ಯಾಂಡಲ್ಲಿ ಕಾಫಿ ಪುಡಿ ಮಾರೋಕೆ ಶುರು ಮಾಡಿದ್ದರು. ಪ್ಯಾಕೆಟ್ಟಿಗೆ, ವೆಬ್‌ಸೈಟಿಗೆ ಆರು ಚಿತ್ರ ಬೇಕಿತ್ತು. ಜನವರಿಯಲ್ಲಿ, ರೋಬಸ್ಟಾ ಕೊಯ್ಲು ನಡೀತಿದ್ದ ಹೊತ್ತಲ್ಲಿ, ನಾವು ನಾಲ್ಕು ಜನ ಸೇರಿ ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್ ಮಾಡೆಲ್ ಬಳಸಿ ಮಾಡಿದೆವು. ನೂರಾರು ಚಿತ್ರ ತೆಗೆದು, ಮೂವತ್ತು ತೋರಿಸಿ, ಕೊನೆಗೆ ಆರು ಒಪ್ಪಿಗೆಯಾದವು. ಅದರಲ್ಲಿ ಮೂರನೇದೇ ಎಲ್ಲರಿಗೂ ಇಷ್ಟವಾದದ್ದು: ಮುಂದೆ ಹಣ್ಣು ತುಂಬಿದ ಕಾಫಿ ರೆಂಬೆ, ಹಿಂದೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರಾಚೆ ಮಂಜು, ಬೆಟ್ಟ. ಅದೇ ಪ್ಯಾಕೆಟ್ಟಿನ ಮೇಲೆ ಹೋಯಿತು.

ನಾವು ಕೊಟ್ಟಿದ್ದು ಆರು ಫೈಲ್. ವಾಟ್ಸಾಪಲ್ಲಿ. ನಮ್ಮ ಹತ್ರ ಉಳಿದಿದ್ದು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದ ಸೀಡ್ ನಂಬರುಗಳು.

ಎಲ್ಲಿ ಕೈಕೊಟ್ಟಿತು

ಸೀಡ್ ಅಂದ್ರೆ ಏನು ಅನ್ನೋದನ್ನು ಸರಿಯಾಗಿ ನೋಡೋಣ, ಯಾಕಂದ್ರೆ ಎಲ್ಲ ತಪ್ಪೂ ಅಲ್ಲೇ ಶುರುವಾಗೋದು. ಡಿಫ್ಯೂಷನ್ ಮಾಡೆಲ್ ಖಾಲಿ ಹಾಳೆಯಿಂದ ಚಿತ್ರ ಬರೆಯಲ್ಲ. ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುವ ಚುಕ್ಕಿಗಳಂಥ ನಾಯ್ಸ್‌ನಿಂದ ಶುರುಮಾಡಿ, ಹೆಜ್ಜೆ ಹೆಜ್ಜೆಗೆ ಅದನ್ನು ಶುಚಿ ಮಾಡ್ತಾ ಹೋಗುತ್ತೆ. ಆ ಮೊದಲ ನಾಯ್ಸನ್ನು ಹುಟ್ಟಿಸುವ ಸಂಖ್ಯೆಯೇ ಸೀಡ್. ಅದೇ ಸೀಡ್ ಕೊಟ್ಟರೆ ಅದೇ ನಾಯ್ಸ್ ಬರುತ್ತೆ, ಆದರೆ ಉಳಿದದ್ದೆಲ್ಲ ಹಾಗೇ ಇದ್ದರೆ ಮಾತ್ರ. ಆ "ಉಳಿದದ್ದೆಲ್ಲ" ಯಾವುದು ಅಂತ ನಾವು ಬರೆದಿಟ್ಟಿರಲಿಲ್ಲ.

ಮೊದಲ ಪೆಟ್ಟು ಅಳತೆಯಿಂದ ಬಿತ್ತು. 1024×1024 ಚಿತ್ರಕ್ಕೆ ಈ ಮಾಡೆಲ್ ಒಳಗೆ ಬಳಸೋದು 128×128 ಅಳತೆಯ ನಾಯ್ಸ್. ಬ್ಯಾನರಿಗೆ ಅಂತ 1536×768 ಮಾಡಿದರೆ ಅದು 192×96 ಆಗುತ್ತೆ. ಒಂದೇ ಕತೆಯನ್ನು ಬೇರೆ ಅಗಲದ ಹಾಳೆಯಲ್ಲಿ ಬರೆದರೆ ಸಾಲುಗಳು ಬೇರೆ ಬೇರೆ ಕಡೆ ಮುರಿಯುತ್ತವಲ್ಲ, ಹಾಗೆ ಇಲ್ಲಿಯೂ ಅಂಕಿಗಳೆಲ್ಲ ಜಾಗ ಬದಲಾಯಿಸುತ್ತವೆ. ರೆಂಬೆ ಹುಟ್ಟಬೇಕಿದ್ದ ಕಡೆ ಆಕಾಶ ಹುಟ್ಟುತ್ತೆ. ಅಂದರೆ "ಅದೇ ಚಿತ್ರ, ಸ್ವಲ್ಪ ಅಗಲಕ್ಕೆ" ಅನ್ನೋದು ಸೀಡ್‌ನಿಂದ ಆಗುವ ಕೆಲಸವೇ ಅಲ್ಲ. ಒಪ್ಪಿಗೆಯಾದ ಚಿತ್ರವನ್ನೇ ಇಟ್ಟುಕೊಂಡು ಅದರ ಎಡಬಲಕ್ಕೆ ಹೊಸದಾಗಿ ಬೆಳೆಸಬೇಕು. ಇದನ್ನು ಔಟ್‌ಪೇಂಟಿಂಗ್ ಅಂತಾರೆ. ಕೊಡುವಾಗಲೇ ಒಂದು ಸಾಲು ಬರೆದಿದ್ದರೆ ಮೂರು ರಾತ್ರಿ ಉಳಿಯುತ್ತಿತ್ತು.

ಸರಿ, ಔಟ್‌ಪೇಂಟ್ ಮಾಡೋಣ ಅಂದ್ರೆ ಮೂಲ ಪ್ರಾಂಪ್ಟ್, ಮೂಲ ಮಾಡೆಲ್ ಬೇಕು. ಇಲ್ಲದಿದ್ದರೆ ಬದಿಯಲ್ಲಿ ಬೆಳೆಯುವ ಮಂಜು, ಮರ ನಡುವಿನದಕ್ಕೆ ಹೊಂದಲ್ಲ. ನಾವು ಬಳಸಿದ್ದು ಆಟೋಮ್ಯಾಟಿಕ್1111 ವೆಬ್‌ಯುಐ. ಅದು ಪ್ರತಿ ಪಿಎನ್‌ಜಿ ಫೈಲಿನ ಒಳಗೆ ಪ್ರಾಂಪ್ಟ್, ಸೀಡ್, ಸೆಟ್ಟಿಂಗ್ ಎಲ್ಲ ಬರೆದಿಡುತ್ತೆ. `PNG Info` ಅನ್ನುವ ಟ್ಯಾಬಿಗೆ ಫೈಲ್ ಎಳೆದು ಹಾಕಿದರೆ ಓದಬಹುದು. ಅಕ್ಕನ ಫೋನಿನಿಂದ ಫೈಲ್ ತರಿಸಿಕೊಂಡೆವು. ಏನೂ ಇಲ್ಲ. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದರೆ ಅದು ಜೆಪೆಗ್ ಆಗಿ ಕುಗ್ಗುತ್ತೆ, ಒಳಗಿದ್ದ ಬರಹ ಹೋಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಉಳಿಯುತ್ತಿತ್ತು.

ಅದೃಷ್ಟಕ್ಕೆ ನಮ್ಮಲ್ಲೊಬ್ಬನ ಪೆನ್‌ಡ್ರೈವಲ್ಲಿ ಮೂಲ ಪಿಎನ್‌ಜಿ ಇತ್ತು. `PNG Info` ತೆರೆಯಿತು, ಸೀಡ್ ಬಂತು. ಖುಷಿಯಿಂದ ಬಟನ್ ಒತ್ತಿದೆವು. ಬಂದಿದ್ದು ತೋಟ ಅಲ್ಲ, ಬರೀ ಕಾಫಿ ಹಣ್ಣಿನ ಕ್ಲೋಸಪ್.

ಇದು ಅರ್ಥವಾಗೋಕೆ ಒಂದಿಡೀ ದಿನ ಬೇಕಾಯಿತು. ಮೊದಲು ಬಂದ ಚಿತ್ರದಲ್ಲಿ ಮಾಡೆಲ್ ಕಾಫಿ ಹಣ್ಣನ್ನು ದ್ರಾಕ್ಷಿ ಗೊಂಚಲಿನ ಹಾಗೆ ಇಳಿಬಿಟ್ಟಿತ್ತು. ಕಾಫಿ ಹಣ್ಣು ಹಾಗೆ ತೂಗಲ್ಲ. ರೆಂಬೆಯ ಗಿಣ್ಣಿಗೆ ಅಂಟಿಕೊಂಡು ಗುಂಪಾಗಿ ಕೂರುತ್ತೆ. ಇಲ್ಲಿ ಯಾವ ಮಗು ನೋಡಿದರೂ ನಗುತ್ತೆ. ಹಾಗಾಗಿ ಆ ಭಾಗಕ್ಕೆ ಮಾತ್ರ ಮಾಸ್ಕ್ ಬಳಿದು, ಬೇರೆ ಪ್ರಾಂಪ್ಟ್ ಕೊಟ್ಟು ಮತ್ತೆ ಬರೆಸಿದ್ದೆವು. ಇದು ಇನ್‌ಪೇಂಟಿಂಗ್. ಫೈಲಿನಲ್ಲಿ ಉಳಿಯೋದು ಕೊನೆಯ ಹೆಜ್ಜೆಯ ವಿವರ ಮಾತ್ರ. ಅಂದರೆ ಹಣ್ಣಿನ ತೇಪೆಯ ಪ್ರಾಂಪ್ಟ್, ಹಣ್ಣಿನ ತೇಪೆಯ ಸೀಡ್. ಇಡೀ ತೋಟ ಹುಟ್ಟಿದ ಮೊದಲ ಹೆಜ್ಜೆಯ ಫೈಲನ್ನು ನಾವು ಡಿಸ್ಕ್ ತುಂಬಿತು ಅಂತ ಮಾರ್ಚಲ್ಲಿ ಅಳಿಸಿದ್ದೆವು.

ನೋಟ್‌ಬುಕ್ಕಿನಲ್ಲಿದ್ದ ಸೀಡೂ ಅದೇ ತೇಪೆಯದ್ದು. ಕೊನೇ ಚಿತ್ರ ನೋಡಿ ಬರೆದುಕೊಂಡಿದ್ದೆವಲ್ಲ.

ಕಡೆಗೆ ಏನು ಮಾಡಿದೆವು ಅಂದರೆ, ಒಪ್ಪಿಗೆಯಾದ ಪಿಎನ್‌ಜಿಯನ್ನು ನಡುವಿಗಿಟ್ಟು, ನೆನಪಿನಿಂದ ಬರೆದ ಪ್ರಾಂಪ್ಟಲ್ಲಿ ಎಡಬಲ ಬೆಳೆಸಿದೆವು. ಚಿತ್ರ 1536×1536 ಇತ್ತು. ಎರಡಕ್ಕೊಂದರ ಬ್ಯಾನರಿಗೆ 3072 ಅಗಲ ಬೇಕು, ಅಂದರೆ ಪ್ರತಿ ಬದಿಗೆ 768. ಒಂದೇ ಸಲ ಅಷ್ಟು ಬೆಳೆಸಿದರೆ ಮಾಡೆಲ್ ತನ್ನಿಷ್ಟಕ್ಕೆ ಹೊಸ ಕಾಡೇ ಕಟ್ಟುತ್ತೆ, ಹಾಗಾಗಿ 256ರಂತೆ ಮೂರು ಸಲ. ಬಲಬದಿ ಚೆನ್ನಾಗೇ ಬಂತು. ಎಡಬದಿಯ ಮಂಜು ನೀಲಿಗೆ ತಿರುಗಿತು, ನಡುವೆ ಸಣ್ಣ ಗೆರೆ ಕಾಣ್ತಿತ್ತು. ಆ ಜಾಗದ ಮೇಲೆ ಬ್ರ್ಯಾಂಡ್ ಹೆಸರು ಕೂರಿಸಿ ಮುಚ್ಚಿದೆವು. ಅಕ್ಕ ಗಮನಿಸಲಿಲ್ಲ. ನಾವು ಆ ಸ್ಟಾಲಿಗೆ ಹೋದಾಗಲೆಲ್ಲ ಅದೇ ಕಾಣ್ತಿತ್ತು.

ಹಾಗಾದರೆ ಚೀಟಿಯಲ್ಲಿ ಏನಿರಬೇಕು

ದಸರಾ ಮುಗಿದ ಮೇಲೆ ಆರೂ ಚಿತ್ರಕ್ಕೆ ಕೂತು ಹಸ್ತಾಂತರದ ಚೀಟಿ ಬರೆದೆವು. ಮೂರನೇ ಚಿತ್ರಕ್ಕೆ ಮೂಲವೇ ಇಲ್ಲವಾದ್ದರಿಂದ ಅದೇ ಬಗೆಯ ಹೊಸ ಚಿತ್ರ ಮಾಡಿ, ಹೊಸದಾಗಿ ಒಪ್ಪಿಗೆ ತಗೊಂಡೆವು, ದುಡ್ಡು ಕೇಳಲಿಲ್ಲ. ಅದರ ಮೊದಲ ಹೆಜ್ಜೆಯ ದಾಖಲೆ ಹೀಗಿದೆ:

```
coffee branch, ripe red berries in tight clusters
at each leaf node, silver oak trunks with pepper
vines behind, morning mist, hills, photo
Negative prompt: grapes, hanging fruit, text
Steps: 30, Sampler: DPM++ 2M Karras, CFG scale: 6.5,
Seed: 2718840153, Size: 1024x1024,
Model hash: 31e35c80fc, Model: sd_xl_base_1.0,
Denoising strength: 0.35, RNG: CPU, Hires upscale: 1.5,
Hires upscaler: R-ESRGAN 4x+, Version: v1.6.0
```

ಇದರಲ್ಲಿ ಯಾವುದನ್ನು ಬಿಟ್ಟರೂ ಚಿತ್ರ ಕೆಡುತ್ತೆ, ಆದರೆ ಜನ ಸಾಮಾನ್ಯವಾಗಿ ಬಿಡೋದು ಮೂರನ್ನು.

ಒಂದು, `Model hash`. ಮಾಡೆಲ್ ಫೈಲಿನ ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದು. ಹ್ಯಾಶ್ ಆ ಫೈಲಿನ ಒಳಗಿನ ಅಂಕಿಗಳಿಂದಲೇ ಲೆಕ್ಕ ಹಾಕಿದ್ದು. ಎಸ್‌ಡಿಎಕ್ಸ್‌ಎಲ್ ಬೇಸ್‌ನಲ್ಲೇ ಎರಡು ಫೈಲು ಓಡಾಡ್ತಿವೆ, ಒಂದರಲ್ಲಿ ಹಳೆಯ ವಿಎಇ ಸೇರಿಸಿದೆ. ಹೆಸರು ನೋಡಿದರೆ ಅವಳಿ, ಹ್ಯಾಶ್ ನೋಡಿದರೆ ಬೇರೆ ಬೇರೆ. ಮಾಡೆಲ್ ಯಾವತ್ತೂ ನೆಟ್ಟಲ್ಲಿ ಸಿಗುತ್ತೆ ಅಂತ ನಂಬಿ ಕೂರುವ ಹಾಗೂ ಇಲ್ಲ. ಸ್ಟೇಬಲ್ ಡಿಫ್ಯೂಷನ್ 1.5 ಅನ್ನು ರನ್‌ವೇ ಕಂಪನಿ 2022ರ ಅಕ್ಟೋಬರಲ್ಲಿ ಹಗ್ಗಿಂಗ್ ಫೇಸ್‌ನಲ್ಲಿ ಬಿಟ್ಟಿತು, 2024ರ ಆಗಸ್ಟಲ್ಲಿ ಆ ಪುಟವನ್ನೇ ತೆಗೆಯಿತು. ಬೇರೆಯವರು ಇಟ್ಟ ಪ್ರತಿಗಳು ಉಳಿದವು, ಸರಿ. ಆದರೆ ಸಿಕ್ಕಿದ ಪ್ರತಿ ಅದೇನಾ ಅಂತ ಹೇಳೋದು ಹ್ಯಾಶ್ ಮಾತ್ರ. ಎಸ್‌ಡಿಎಕ್ಸ್‌ಎಲ್ ಬೇಸ್ ಫೈಲು ಸುಮಾರು 7 ಜಿಬಿ. ಅದರ ಲೈಸೆನ್ಸಿನ ಷರತ್ತುಗಳನ್ನೂ ಜೊತೆಗಿಟ್ಟರೆ ಹಂಚೋಕೆ ಅನುಮತಿ ಇದೆ. ನಾವು ಅದನ್ನೇ ಪೆನ್‌ಡ್ರೈವಲ್ಲಿ ಹಾಕಿ ಕೊಟ್ಟೆವು.

ಎರಡು, `RNG`. ನಾಯ್ಸನ್ನು ಗ್ರಾಫಿಕ್ಸ್ ಕಾರ್ಡ್ ಹುಟ್ಟಿಸಬೇಕಾ, ಸಿಪಿಯು ಹುಟ್ಟಿಸಬೇಕಾ ಅನ್ನೋ ಸೆಟ್ಟಿಂಗ್. ನಾವು ಬಳಸಿದ ವೆಬ್‌ಯುಐಯಲ್ಲಿ ಅದು ತಾನಾಗಿ ಜಿಪಿಯು ಆಗಿರುತ್ತೆ. ಹಾಗೇ ಬಿಟ್ಟರೆ ಎನ್‌ವಿಡಿಯಾ ಕಾರ್ಡಲ್ಲಿ ಬಂದ ಚಿತ್ರ ಮ್ಯಾಕ್‌ಬುಕ್ಕಲ್ಲಿ ಬರಲ್ಲ, ಸೀಡ್ ಒಂದೇ ಇದ್ದರೂ. ಸಿಪಿಯು ಅಂತ ಬದಲಾಯಿಸಿದರೆ ಎರಡರಲ್ಲೂ ಅದೇ ನಾಯ್ಸ್. ಕ್ಲೈಂಟಿಗೆ ಕೊಡೋ ಕೆಲಸ ಆದರೆ ಶುರುವಲ್ಲೇ ಇದನ್ನು ಮಾಡಿಕೊಳ್ಳಿ, ಆಮೇಲೆ ಬದಲಾಯಿಸಿದರೆ ಹಳೆಯ ಚಿತ್ರ ಹೋಯಿತು.

ಮೂರು, `Version`. ಸಾಫ್ಟ್‌ವೇರ್ ಬದಲಾದ ಹಾಗೆ ಸೆಟ್ಟಿಂಗಿನ ಹೆಸರೂ ಬದಲಾಗುತ್ತೆ. ಇಲ್ಲಿ `DPM++ 2M Karras` ಅಂತ ಒಂದೇ ಹೆಸರಿದೆ. 1.9 ಆವೃತ್ತಿಯಿಂದ ಅದು ಎರಡಾಗಿ ಒಡೆದು, `Karras` ಬೇರೆ ಮೆನುಗೆ ಹೋಯಿತು. ಆವೃತ್ತಿ ಬರೆದಿಲ್ಲದಿದ್ದರೆ ಎರಡು ವರ್ಷದ ನಂತರ ಓದುವವರು ಆ ಹೆಸರು ಹುಡುಕ್ತಾ ಕೂರ್ತಾರೆ.

ಕಂಫಿಯುಐ ಬಳಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ `control_after_generate` ಅನ್ನೋದು `randomize` ಅಂತ ಇದ್ದರೆ, ಚಿತ್ರಕ್ಕೆ ಆದೇಶ ಕೊಟ್ಟ ಕೂಡಲೇ ಪರದೆಯ ಮೇಲಿನ ಸೀಡ್ ಬದಲಾಗುತ್ತೆ. ನೀವು ನೋಡಿ ಬರೆದುಕೊಳ್ಳೋದು ಮುಂದಿನ ಚಿತ್ರದ ಸೀಡು. ಸೀಡನ್ನು ಪರದೆಯಿಂದ ಬರೆಯಬೇಡಿ, ಫೈಲಿನ ಒಳಗಿಂದ ತೆಗೆಯಿರಿ. ಇನ್ನೊಂದು: ಕಂಫಿಯುಐಯ ಸೀಡನ್ನು ತಂದು ಆಟೋಮ್ಯಾಟಿಕ್1111ಗೆ ಹಾಕಿದರೆ ಅದೇ ಚಿತ್ರ ಸಿಗುತ್ತೆ ಅಂದುಕೊಳ್ಳಬೇಡಿ. ಆವರಣ ಹಾಕಿ ಪದಕ್ಕೆ ಒತ್ತು ಕೊಡೋದನ್ನು ಇವೆರಡೂ ಬೇರೆ ಬೇರೆ ರೀತಿ ಲೆಕ್ಕ ಹಾಕುತ್ತವೆ.

ಇನ್ನು ತೇಪೆಗಳು. ಪ್ರತಿ ಇನ್‌ಪೇಂಟಿಂಗಿಗೂ ಬೇರೆ ಸಾಲು ಬೇಕು: ಅದರ ಪ್ರಾಂಪ್ಟ್, ಸೀಡ್, `Denoising strength`, ಜೊತೆಗೆ ಮಾಸ್ಕ್ ಫೈಲ್. ಕೈಯಿಂದ ಬಳಿದ ಮಾಸ್ಕನ್ನು ಯಾವ ಸೀಡೂ ವಾಪಸ್ ತರಲ್ಲ. ಹಾಗಾಗಿ ನಮ್ಮ ಫೋಲ್ಡರಲ್ಲಿ ಒಂದು ಚಿತ್ರಕ್ಕೆ ನಾಲ್ಕು ಫೈಲಿದೆ: `03_base.png`, `03_mask.png`, `03_inpaint.png`, `03_final.png`. ಕೊನೆಯದರಲ್ಲಿ ಕೈಯಿಂದ ಮಾಡಿದ ಕ್ರಾಪ್, ಬಣ್ಣದ ತಿದ್ದುಪಡಿ ಇದ್ದರೆ ಅದನ್ನೂ ಮಾತಲ್ಲಿ ಬರೆದಿದ್ದೀವಿ. ಅಕ್ಕ ಒಪ್ಪಿದ್ದು ಈ ಕೊನೆಯ ಫೈಲನ್ನೇ ಹೊರತು ಸೀಡನ್ನಲ್ಲ. ಆದ್ದರಿಂದ ಚೀಟಿಯ ಮೊದಲ ಸಾಲೇ ಇದು: "ಈ ಫೈಲೇ ಮೂಲ. ಇದನ್ನು ಕಳಕೊಳ್ಳಬೇಡಿ. ಕೆಳಗಿನ ವಿವರ ಇದರ ಜಾಗ ತುಂಬಲ್ಲ."

ನಿಜವಲ್ಲದ್ದರ ಕಾಲಂ

ಚೀಟಿ ಬರೆಯೋವಾಗ ನಾವು ಯೋಚಿಸದೇ ಇದ್ದ ಒಂದು ವಿಷಯ ಎದುರಾಯಿತು. ಪ್ರಾಂಪ್ಟಲ್ಲಿ `hills` ಅಂತ ಬರೆದಿದ್ದೀವಿ. ಅಕ್ಕನ ತೋಟದಿಂದ ಬೆಟ್ಟ ಕಾಣಲ್ಲ. ಪ್ಯಾಕೆಟ್ ನೋಡಿದ ಒಬ್ಬರು "ಈ ವ್ಯೂ ಎಲ್ಲಿಂದ ಸಿಗುತ್ತೆ, ಹೋಂಸ್ಟೇ ಇದೆಯಾ" ಅಂತ ಕೇಳಿದ್ದರಂತೆ. ಪ್ರಾಂಪ್ಟ್ ಬರೆದಿಟ್ಟರೆ ಇದು ಮುಚ್ಚಿಡೋಕಾಗಲ್ಲ. ಯಾವುದು ತೋಟದ್ದು, ಯಾವುದು ನಾವು ಕೇಳಿ ಬರೆಸಿದ್ದು ಅಂತ ಎದುರಿಗೇ ಇರುತ್ತೆ.

ಹಾಗಾಗಿ ಪ್ರತಿ ಚಿತ್ರದ ಮುಂದೆ "ಇದರಲ್ಲಿ ನಿಜವಲ್ಲದ್ದು" ಅಂತ ಒಂದು ಕಾಲಂ ಹಾಕಿದೆವು. ಮೂರನೇ ಚಿತ್ರಕ್ಕೆ: ಹಿಂದಿನ ಬೆಟ್ಟ ಇಲ್ಲ, ಈ ಮರಗಳು ಯಾವ ತೋಟದ್ದೂ ಅಲ್ಲ. ಐದನೇ ಚಿತ್ರದ ಕತೆಯೂ ಅಲ್ಲೇ ಇದೆ. ಅಲ್ಲಿ ಕೊಡವ ಸೀರೆ ಉಟ್ಟ ಅಜ್ಜಿ ಬೇಕಿತ್ತು. ನಾವು ಏನೇ ಬರೆದರೂ ಮಾಡೆಲ್ ನೆರಿಗೆಯನ್ನು ಮುಂದಕ್ಕೇ ತಂದಿಡ್ತಿತ್ತು. ಕೊಡವ ಉಡುಗೆಯಲ್ಲಿ ನೆರಿಗೆ ಇರೋದು ಹಿಂದೆ, ಸೆರಗು ಬರೋದು ಬಲ ಹೆಗಲಿಗೆ. ಕೊನೆಗೆ ಅಕ್ಕನ ತಾಯಿಯನ್ನೇ ಕೂರಿಸಿ ಫೋಟೋ ತೆಗೆದೆವು. ಚೀಟಿಯಲ್ಲಿ ಐದನೇ ಸಾಲು: "ಫೋಟೋ. ಸೀಡ್ ಇಲ್ಲ." ಇಡೀ ಚೀಟಿಯಲ್ಲಿ ಅಕ್ಕ ಎರಡು ಸಲ ಓದಿದ ಸಾಲು ಅದೇ. ಆಮೇಲೆ ಅವರೇ ಮುಂದಿನ ಪ್ಯಾಕೆಟ್ಟಿನ ಹಿಂದೆ "ಮುಖಚಿತ್ರ ಕಾಲ್ಪನಿಕ" ಅಂತ ಹಾಕಿಸ್ತೀವಿ ಅಂದರು.

"ಗುಟ್ಟು ಯಾಕೆ ಕೊಡಬೇಕು?"

ಈ ಮಾತು ನಮ್ಮ ನಾಲ್ವರಲ್ಲೇ ಎದ್ದಿತು. ಪ್ರಾಂಪ್ಟ್ ನಮ್ಮ ಶ್ರಮ. ಅದನ್ನೂ ಕೊಟ್ಟರೆ ನಾಳೆ ಬೇರೆ ಹುಡುಗರ ಹತ್ರ ಅರ್ಧ ದುಡ್ಡಿಗೆ ಮಾಡಿಸಿಕೊಳ್ತಾರೆ. ಅಡುಗೆ ಬಡಿಸ್ತೀವಿ, ಮಸಾಲೆ ಲೆಕ್ಕ ಹೇಳಲ್ಲ ಅಂತ.

ಇದರಲ್ಲಿ ನ್ಯಾಯ ಇಲ್ಲ ಅಂತ ನಾವು ಹೇಳಲ್ಲ. ಆದರೆ ಅಕ್ಕ ಕೊಂಡಿದ್ದು ಒಂದು ಊಟ ಅಲ್ಲ, ಪ್ಯಾಕೆಟ್ಟಿನ ಮುಖ. ಅದು ವರ್ಷಗಟ್ಟಲೆ ಬೇಕು, ಬೇರೆ ಬೇರೆ ಅಳತೆಯಲ್ಲಿ ಬೇಕು. ನಾವು ಜೂನಲ್ಲಿ ಪಾಸಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗ್ತೀವಿ. ನಮ್ಮ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆದ ದಿನ ಅವರ ಬ್ರ್ಯಾಂಡಿನ ಮುಖವೂ ಅಳಿಸಿಹೋಗಬೇಕಾ? ಗುಟ್ಟು ಇಟ್ಟುಕೊಂಡೆವು ಅಂದುಕೊಂಡಿದ್ದೆವು, ನಿಜವಾಗಿ ನೋಡಿದರೆ ನಮ್ಮ ಹತ್ರವೂ ಅದು ಇರಲಿಲ್ಲ. ಬರೆಯದೇ ಇದ್ದದ್ದು ಗುಟ್ಟಾಗಿ ಉಳಿಯಲ್ಲ, ಕಳೆದುಹೋಗುತ್ತೆ.

ಹಕ್ಕಿನ ಪ್ರಶ್ನೆಯೂ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ, ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದನ್ನು ಹುಟ್ಟುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಅನ್ನುತ್ತೆ. ಎಐ ಚಿತ್ರಕ್ಕೆ ಅದು ಎಲ್ಲಿವರೆಗೆ ಅನ್ವಯಿಸುತ್ತೆ ಅನ್ನೋದು ವಕೀಲರ ಚರ್ಚೆ. ಆದರೆ ನಾಳೆ ಯಾರಾದರೂ ಇದೇ ಚಿತ್ರ ನಮ್ಮದು ಅಂದರೆ, ಯಾರು, ಯಾವತ್ತು, ಏನು ಕೇಳಿ ಮಾಡಿಸಿದರು ಅಂತ ತೋರಿಸೋಕೆ ಅಕ್ಕನ ಕೈಲಿ ಇರೋದು ಈ ಚೀಟಿ ಒಂದೇ. ದುಡ್ಡಿನ ಮಾತಾದರೆ ಅದನ್ನು ಮೊದಲೇ ಆಡಿ. ಚಿತ್ರಕ್ಕೆ ಇಷ್ಟು, ಚೀಟಿ ಸಮೇತ ಇಷ್ಟು ಅಂತ. ಹೇಳದೇ ಬಿಡೋದು ಮಾತ್ರ ಸರಿ ಅಲ್ಲ.

ವೆಬ್‌ಸೈಟುಗಳಲ್ಲಿ ಚಿತ್ರ ಮಾಡಿಕೊಡುವವರಿಗೆ ಇಷ್ಟೆಲ್ಲ ಕೊಡೋಕಾಗಲ್ಲ, ಗೊತ್ತು. ಅಲ್ಲಿ ಮಾಡೆಲ್ ಕಂಪನಿಯ ಸರ್ವರಲ್ಲಿರುತ್ತೆ, ಅವರು ಬದಲಾಯಿಸಿದರೆ ಮುಗೀತು. ಹಾಗಿದ್ದರೆ ಅದನ್ನೇ ಬರೆಯಿರಿ: "ಪ್ರಾಂಪ್ಟ್ ಇದು, ಆವೃತ್ತಿ ಇದು, ತಾರೀಖು ಇದು. ಇದನ್ನು ಮತ್ತೆ ಹಾಕಿದರೆ ಇದೇ ಚಿತ್ರ ಬರುತ್ತೆ ಅಂತ ಭರವಸೆ ಇಲ್ಲ." ಕ್ಲೈಂಟಿಗೆ ಅಷ್ಟಾದರೂ ಗೊತ್ತಿರಲಿ.

ಕೊಡೋ ಮುಂಚೆ ಒಂದು ಪರೀಕ್ಷೆ

ಚೀಟಿ ಸರಿ ಇದೆಯಾ ಅಂತ ಬರೆದವರಿಗೆ ಗೊತ್ತಾಗಲ್ಲ, ಬಿಟ್ಟುಹೋದದ್ದನ್ನು ನಮ್ಮ ತಲೆ ತಾನೇ ತುಂಬಿಕೊಳ್ಳುತ್ತೆ. ಹಾಗಾಗಿ ಈ ಕೆಲಸದಲ್ಲಿ ಇಲ್ಲದ ಜೂನಿಯರ್ ಒಬ್ಬಳಿಗೆ ಪೆನ್‌ಡ್ರೈವ್, ಚೀಟಿ ಎರಡೇ ಕೊಟ್ಟೆವು. ಅವಳ ಮೆಷಿನ್, ಅವಳ ಕಾರ್ಡ್, ನಮ್ಮನ್ನು ಏನೂ ಕೇಳುವ ಹಾಗಿಲ್ಲ. ಮೊದಲ ಸಲ ಎರಡನೇ ಚಿತ್ರ ಬರಲಿಲ್ಲ. ಒಂದು ಲೋರಾ ಫೈಲ್ ಬಳಸಿದ್ದನ್ನು ಬರೆದಿದ್ದೆವು, ಪೆನ್‌ಡ್ರೈವಿಗೆ ಹಾಕಿರಲಿಲ್ಲ. ಹಾಕಿದ ಮೇಲೆ ಬಂತು.

ಪಿಕ್ಸೆಲ್ ಪಿಕ್ಸೆಲ್ ಹೊಂದಬೇಕು ಅಂತ ಹಟ ಬೇಡ. ಕಾರ್ಡ್ ಬೇರೆ ಆದರೆ, ಡ್ರೈವರ್ ಬೇರೆ ಆದರೆ, ಎಕ್ಸ್‌ಫಾರ್ಮರ್ಸ್‌ನಂಥ ವೇಗದ ಲೈಬ್ರರಿ ಬಳಸಿದರೆ, ದಶಾಂಶದ ತುದಿಯಲ್ಲಿ ಸಣ್ಣ ವ್ಯತ್ಯಾಸ ಬಂದೇ ಬರುತ್ತೆ. ನಾವು ಇಟ್ಟುಕೊಂಡ ಅಳತೆ ಸರಳ: ಎರಡು ಚಿತ್ರ ಒಂದರ ಮೇಲೊಂದು ಇಟ್ಟು ತೆರೆದು ಮುಚ್ಚಿ ನೋಡಿದರೆ ರೆಂಬೆ, ಮರ, ಬೆಟ್ಟದ ಗೆರೆ ಕದಲಬಾರದು. ಎಲೆಯ ಅಂಚಿನ ಚುಕ್ಕಿ ಕದಲಿದರೆ ಚಿಂತೆಯಿಲ್ಲ. ರೆಂಬೆಯೇ ಕದಲಿದರೆ ಚೀಟಿಯಲ್ಲಿ ಏನೋ ಬಿಟ್ಟುಹೋಗಿದೆ.

ನಮ್ಮ ಚೀಟಿ ಒಟ್ಟು ಏಳು ಪುಟ ಆಯಿತು. ಮೊದಲ ಪುಟ ಕನ್ನಡದಲ್ಲಿ, ಅಕ್ಕನಿಗೆ: ಯಾವ ಫೈಲ್ ಎಲ್ಲಿಗೆ, ಅಗಲ ಬೇಕಾದರೆ ಏನು ಮಾಡಿಸಬೇಕು, ಯಾವುದು ನಿಜವಲ್ಲ. ಉಳಿದ ಆರು ಪುಟ ಮುಂದೆ ಈ ಕೆಲಸ ಹಿಡಿಯುವವರಿಗೆ. ಅದು ನಾವೇ ಆಗಿರಬೇಕಿಲ್ಲ. ಅಕ್ಕ ಅದನ್ನು ತೋಟದ ಪತ್ರಗಳಿರುವ ಬೀರುವಲ್ಲಿ ಇಟ್ಟಿದ್ದಾರೆ, ಪೆನ್‌ಡ್ರೈವನ್ನು ಒಂದು ಖಾಲಿ ಕಾಫಿ ಪ್ಯಾಕೆಟ್ಟಲ್ಲಿ ಸುತ್ತಿ. ಮಳೆಗಾಲದ ತೇವಕ್ಕೆ ಹಾಳಾಗಬಾರದಲ್ಲ ಅಂತ.